ಚಿಕ್ಕಂದಿನ ಫೋಟೋ: ತಿದ್ದಿದ್ದಕ್ಕೆ ಫ್ರೇಮ್ ಹಾಕಿಸಲಾ, ಹಳೇದಕ್ಕೇನಾ? ಅಕ್ಕ ಒಪ್ಪುತ್ತಿಲ್ಲ

ಬೆಟಗೇರಿ_ಹುಡುಗ
ಹುಬ್ಬಳ್ಳಿಯಲ್ಲಿ ಮನೆ ಕಟ್ಟಿಸಿದ್ದೇನೆ, ಮುಂದಿನ ತಿಂಗಳು ಗೃಹಪ್ರವೇಶ. ಹಾಲ್‌ನ ಗೋಡೆಗೆ ನಾನೂ ಅಕ್ಕನೂ ಚಿಕ್ಕವರಿದ್ದಾಗಿನ ಫೋಟೋ ದೊಡ್ಡದಾಗಿ ಹಾಕಬೇಕು ಅಂತ ಆಸೆ. ಆ ವಯಸ್ಸಿನಲ್ಲಿ ಇಬ್ಬರೂ ಒಟ್ಟಿಗೆ ಇರುವ ಫೋಟೋ ಅದೊಂದೇ. 1979ರಲ್ಲಿ ಗದಗಿನ ಸ್ಟುಡಿಯೋ ಒಂದರಲ್ಲಿ ತೆಗೆಸಿದ್ದು. ಕಪ್ಪು ಬಿಳುಪು, ಪೋಸ್ಟ್‌ಕಾರ್ಡ್ ಸೈಜು. ಅಕ್ಕನಿಗೆ ಆಗ ಆರು ವರ್ಷ, ನನಗೆ ಎರಡು.

ಫೋಟೋ ಹಾಳಾಗಿದೆ. ನನ್ನ ಮುಖದ ಮೇಲೇ ಒಂದು ಗೆರೆ ಸೀಳಿಕೊಂಡು ಹೋಗಿದೆ, ಮೂಲೆಯಲ್ಲಿ ಬೂಷ್ಟು ಹಿಡಿದಿದೆ. ಇಲ್ಲಿ ಒಬ್ಬ ಹುಡುಗನಿಗೆ ಕೊಟ್ಟೆ, ಎರಡೇ ದಿನದಲ್ಲಿ ಚೆನ್ನಾಗಿ ಸರಿ ಮಾಡಿ, ಬಣ್ಣ ತುಂಬಿ ಕೊಟ್ಟ. ನೋಡಿದವರೆಲ್ಲ ‘ನಿನ್ನೆ ತೆಗೆದ ಹಾಗಿದೆ’ ಅಂದರು. ಅಕ್ಕ ಮಾತ್ರ ‘ಅದನ್ನು ಹಾಕೋದಾದರೆ ನನ್ನನ್ನು ಕತ್ತರಿಸಿ ಹಾಕು’ ಅಂದುಬಿಟ್ಟಳು. ಹಳೇದಕ್ಕೇ ಫ್ರೇಮ್ ಹಾಕಿಸಬೇಕಂತೆ. ಬಂದವರಿಗೆ ಬೂಷ್ಟು ತೋರಿಸಬೇಕಾ? ನೀವೇ ಹೇಳಿ.

ಸೀದಾ_ಮಾತು
ಹಳೇದು. ಮುಗಿಯಿತು.

ಪಿಕ್ಸೆಲ್_ಪುಟ್ಟ
ತಿದ್ದಿದ್ದೇ ಹಾಕಿ ಸರ್. ನಾನೂ ಇದೇ ಕೆಲಸ ಮಾಡೋನು. ಜನ ಹರಿದ ಫೋಟೋ ತಂದು ‘ಅಪ್ಪನ ಮುಖ ಕಾಣಬೇಕು’ ಅಂತ ಕಣ್ಣೀರು ಹಾಕುತ್ತಾರೆ. ಸರಿ ಮಾಡಿಕೊಟ್ಟರೆ ಹಬ್ಬ. ಫೋಟೋ ಇರೋದು ನೋಡೋಕೆ. ಕಲೆ ನೋಡೋಕೆ ಯಾರೂ ಫ್ರೇಮ್ ಹಾಕಿಸಲ್ಲ.

ಮಲ್ಲಿಗೆ_ಮೊಗ್ಗು
ಹಳೇ ಫೋಟೋ ಈಗ ಗಾಜಿನ ಫ್ರೇಮ್‌ನಲ್ಲಿ ಇದೆಯಾ? ಹಾಗಿದ್ದರೆ ದಯವಿಟ್ಟು ನೀವೇ ಬಿಚ್ಚಬೇಡಿ. ನಮ್ಮತ್ತೆಯ ಮದುವೆ ಫೋಟೋ ಗಾಜಿಗೇ ಅಂಟಿಕೊಂಡಿತ್ತು. ನಮ್ಮನೆಯವರು ಬ್ಲೇಡ್ ಹಾಕಿ ಎಬ್ಬಿಸಲು ಹೋದರು. ಮಾವನವರ ಮುಖ ಗಾಜಿನ ಮೇಲೇ ಉಳಿಯಿತು, ಕೈಗೆ ಬಂದದ್ದು ಬರೀ ಬಿಳಿ ಕಾಗದ. ಅತ್ತೆ ಆ ಗಾಜನ್ನೇ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಾರೆ.

ಕೆಂಪು_ಬಲ್ಬು
ದಾವಣಗೆರೆಯಲ್ಲಿ ಸ್ಟುಡಿಯೋ ಇಟ್ಟಿದ್ದವನು ನಾನು, ಈಗ ಬಾಗಿಲು ಹಾಕಿದ್ದೇನೆ. ಡಾರ್ಕ್‌ರೂಮಿನಲ್ಲೇ ತಲೆ ನೆರೆಯಿತು.

ಯಾವುದನ್ನು ಹಾಕಬೇಕು ಅನ್ನೋ ಮೊದಲು ಒಂದು ವಿಷಯ ಹೇಳಿ. ಆ ಹುಡುಗ ಏನೇನು ಬದಲಾಯಿಸಿದ್ದಾನೆ? ಎರಡನ್ನೂ ಪಕ್ಕದಲ್ಲಿಟ್ಟು, ಒಂದು ಮೂಲೆಯಿಂದ ಶುರು ಮಾಡಿ ನಿಧಾನವಾಗಿ ನೋಡಿ. ‘ಸರಿ ಮಾಡಿದ’ ಅನ್ನೋ ಮಾತಿನಲ್ಲಿ ಏನು ಬೇಕಾದರೂ ಅಡಗಿರಬಹುದು. ಇನ್ನೊಂದು, ಅವನು ಫೋಟೋವನ್ನು ಸ್ಕ್ಯಾನ್ ಮಾಡಿದನಾ ಅಥವಾ ನೀವು ವಾಟ್ಸಾಪ್‌ನಲ್ಲಿ ಕಳಿಸಿದ್ದಾ?

ಬೆಟಗೇರಿ_ಹುಡುಗ
ವಾಟ್ಸಾಪ್‌ನಲ್ಲಿ ಕಳಿಸಿದ್ದು ಸರ್. ಫೋಟೋ ಅಕ್ಕನ ಹತ್ತಿರ ಧಾರವಾಡದಲ್ಲಿದೆ, ಹೋದಾಗ ಮೊಬೈಲ್‌ನಲ್ಲಿ ತೆಗೆದುಕೊಂಡಿದ್ದೆ. ಗಾಜಿನ ಫ್ರೇಮ್ ಇಲ್ಲ, ಹಳೇ ಆಲ್ಬಮ್‌ನಲ್ಲಿ ಮೂಲೆ ಸಿಕ್ಕಿಸಿ ಇಟ್ಟಿದ್ದು.

ಪಕ್ಕದಲ್ಲಿಟ್ಟು ನೋಡಿದೆ. ಗೆರೆ ಹೋಗಿದೆ, ಬೂಷ್ಟು ಹೋಗಿದೆ. ನನ್ನ ಕೆನ್ನೆಯ ದೃಷ್ಟಿಬೊಟ್ಟು ಹೋಗಿದೆ, ಕಲೆ ಅಂದುಕೊಂಡಿರಬೇಕು. ನನ್ನನ್ನು ಒಂದು ಸ್ಟೂಲ್ ಮೇಲೆ ಕೂರಿಸಿ ಹಿಂದಿನಿಂದ ಯಾರೋ ಹಿಡಿದುಕೊಂಡಿದ್ದರು, ಅಂಚಿನಲ್ಲಿ ಒಂದು ಕೈ ಮಾತ್ರ ಕಾಣುತ್ತಿತ್ತು. ಆ ಕೈ ಇಲ್ಲ. ಹಿಂದಿನ ಪರದೆಯಲ್ಲಿದ್ದ ಕಂಬ, ಮೆಟ್ಟಿಲು ಸ್ವಲ್ಪ ಮಸುಕಾಗಿವೆ. ಬಣ್ಣ ಬಂದಿದೆ. ಮುಖ ಸ್ಪಷ್ಟವಾಗಿದೆ. ಇಷ್ಟೇ.

ಸೀದಾ_ಮಾತು
‘ಇಷ್ಟೇ’ ಅಂತೆ! ಮನುಷ್ಯರನ್ನೇ ತೆಗೆದುಹಾಕಿದ್ದಾನೆ.

ಡಾಲಸ್_ದೋಸೆ
ಮದುವೆ ಫೋಟೋ ಆದರೆ ಕ್ಯಾನ್ವಾಸ್ ಮೇಲೆ ಪ್ರಿಂಟ್ ಹಾಕಿಸಿ, ಸಕತ್ತಾಗಿ ಬರುತ್ತೆ. ನಾವು ಇಲ್ಲಿ ಡಿಜಿಟಲ್ ಫ್ರೇಮ್ ಇಟ್ಟಿದ್ದೇವೆ, ನೂರಾರು ಫೋಟೋ ತಾನಾಗೇ ಬದಲಾಗುತ್ತವೆ. ಎರಡನ್ನೂ ಹಾಕಿಬಿಡಿ, ಜಗಳವೇ ಇಲ್ಲ.

ಮಲ್ಲಿಗೆ_ಮೊಗ್ಗು
ಮದುವೆ ಫೋಟೋ ನಮ್ಮತ್ತೆಯದು ರೀ. ಅವರದು ಅಕ್ಕ ತಮ್ಮನ ಫೋಟೋ.

ಅವನ_ಅಕ್ಕ
ನನ್ನ ಮಗಳು ಈ ಚರ್ಚೆಯ ಲಿಂಕ್ ಕಳಿಸಿದಳು. ತಮ್ಮಾ, ಊರಿಗೆಲ್ಲ ಹೇಳುವ ಮೊದಲು ಪೂರ್ತಿ ಹೇಳಬೇಕಿತ್ತು.

‘ಯಾರೋ ಹಿಡಿದುಕೊಂಡಿದ್ದರು’ ಅಂತ ಬರೆದಿದ್ದಾನೆ. ಯಾರೋ ಅಲ್ಲ, ಅವ್ವ. ಅಜ್ಜಿ ಇರಬಹುದು ಅಂತ ಅವನ ವಾದ. ಯಾರೇ ಆಗಲಿ, ಮನೆಯವರು. ಅವ್ವ ಈಗಿಲ್ಲ. ನಾವು ಚಿಕ್ಕವರಿದ್ದಾಗ ಅವಳ ಒಂದು ಫೋಟೋನೂ ಇಲ್ಲ, ಇರೋದು ಆ ಕೈ ಒಂದೇ. ಅದನ್ನು ಅಳಿಸಿ, ಆ ಜಾಗದಲ್ಲಿ ಪರದೆಯ ಮಡಿಕೆ ತುಂಬಿಸಿದ್ದಾರೆ. ಈಗ ಎರಡು ವರ್ಷದ ಮಗು ಆ ಎತ್ತರದ ಸ್ಟೂಲ್ ಮೇಲೆ ಯಾರ ಆಸರೆಯೂ ಇಲ್ಲದೆ ಕೂತಿದೆ. ನೋಡಿದರೆ ಬೀಳುತ್ತೇನೋ ಅನಿಸುತ್ತೆ.

ನನ್ನ ಪರಕಾರಕ್ಕೆ ನೀಲಿ ಬಣ್ಣ ಹಚ್ಚಿದ್ದಾರೆ. ಅದು ಹಸಿರು, ಕೆಂಪು ಅಂಚು. ಗುಳೇದಗುಡ್ಡದ ಖಣ. ಯುಗಾದಿಗೆ ಹೊಲಿಸಿದ್ದು.

ಬೆಟಗೇರಿ_ಹುಡುಗ
ಅಕ್ಕಾ, ನೀನು ಇಲ್ಲಿಗೂ ಬಂದೆಯಾ! ಬಣ್ಣ ಬೇಕಾದರೆ ಹಸಿರು ಮಾಡಿಸೋಣ. ಕೈ ಬೇಕಾದರೆ ವಾಪಸ್ ಹಾಕಿಸೋಣ. ಆದರೆ ಗೆರೆ ಇರುವ ಫೋಟೋ ಬೇಡ. ಗೆರೆ ನಿನ್ನ ಮುಖದ ಮೇಲೆ ಇದ್ದಿದ್ದರೆ ಗೊತ್ತಾಗ್ತಿತ್ತು.

ಅಪ್ಪನನ್ನು ನಿನ್ನೆ ರಾತ್ರಿ ಕೇಳಿದೆ, ಕೈ ಯಾರದು ಅಂತ. ‘ನಾನು ಹೊರಗೆ ದುಡ್ಡು ಕೊಡ್ತಾ ಇದ್ದೆ, ನೋಡಿಲ್ಲ’ ಅಂದರು.

ಕರಾವಳಿ_ಕಾಗೆ
ನಾನು ಚುರುಮುರಿ ತಗೊಂಡು ಕೂತಿದ್ದೇನೆ. ಮುಂದುವರೆಸಿ.

ಕೆಂಪು_ಬಲ್ಬು
ಅಕ್ಕ ತಮ್ಮ ಇಬ್ಬರೂ ಸಿಕ್ಕಿದ್ದು ಒಳ್ಳೆಯದಾಯಿತು.

ಮೊದಲು ಆ ಕೈ ವಿಷಯ. ಆಗ ಸಣ್ಣ ಊರಿನ ಎಷ್ಟೋ ಸ್ಟುಡಿಯೋಗಳಲ್ಲಿ ಫ್ಲ್ಯಾಶ್ ಇರಲಿಲ್ಲ, ಎರಡು ದೊಡ್ಡ ಬಲ್ಬುಗಳ ಬೆಳಕು. ಫಿಲ್ಮಿಗೂ ಈಗಿನ ಕ್ಯಾಮೆರಾಗಳಷ್ಟು ವೇಗ ಇರಲಿಲ್ಲ. ಷಟರ್ ನಿಧಾನ ಇಡಬೇಕು, ಮಗು ತಲೆ ಅಲ್ಲಾಡಿಸಿದರೆ ಕೆಟ್ಟಿತು. ಹಾಗಾಗಿ ತಾಯಿಯನ್ನೋ ಅಜ್ಜಿಯನ್ನೋ ಪರದೆಯ ಹಿಂದೆ, ಸ್ಟೂಲ್ ಪಕ್ಕ ಕೂರಿಸಿ ಸೊಂಟ ಹಿಡಿಸುತ್ತಿದ್ದೆವು. ಪ್ರಿಂಟ್ ಹಾಕುವಾಗ ಆ ಕಡೆ ಸ್ವಲ್ಪ ಕತ್ತರಿಸುವುದು ರೂಢಿ. ನಿಮ್ಮದರಲ್ಲಿ ಪೂರ್ತಿ ಕತ್ತರಿಸಿದರೆ ಅಕ್ಕನ ಭುಜ ಹೋಗುತ್ತಿತ್ತೇನೋ, ಕೈ ಉಳಿದುಕೊಂಡಿದೆ.

ಇನ್ನು ಮುಖ ‘ಸ್ಪಷ್ಟ’ ಆಗಿದೆ ಅಂದಿರಿ. ಒಂದು ಲೆಕ್ಕ ಹೇಳುತ್ತೇನೆ. ಪೋಸ್ಟ್‌ಕಾರ್ಡ್ ಸೈಜು ಅಂದರೆ ಮೂರೂವರೆ ಇಂಚಿಗೆ ಐದೂವರೆ. ಇಬ್ಬರು ಮಕ್ಕಳು ತಲೆಯಿಂದ ಕಾಲಿನವರೆಗೆ ಇದ್ದರೆ ನಿಮ್ಮ ಮುಖದ ಅಗಲ ಹೆಚ್ಚೆಂದರೆ ಅರ್ಧ ಇಂಚು. ಮೊಬೈಲ್‌ನಲ್ಲಿ ತೆಗೆದು ವಾಟ್ಸಾಪ್‌ನಲ್ಲಿ ಸಾಮಾನ್ಯವಾಗಿ ಕಳಿಸಿದರೆ ಅದು ಫೋಟೋವನ್ನು ಕುಗ್ಗಿಸುತ್ತೆ, ಉದ್ದದ ಕಡೆ 1600 ಚುಕ್ಕಿ ಅಂತ ಇಟ್ಟುಕೊಳ್ಳಿ. ಅಂದರೆ ಮುಖಕ್ಕೆ ಸಿಗೋದು 150 ಚುಕ್ಕಿಯ ಅಗಲ. ಅದರ ಮೇಲೂ ಒಂದು ಗೆರೆ. ಅಷ್ಟರಲ್ಲಿ ಕಣ್ಣಿನ ರೆಪ್ಪೆಯ ಕೂದಲು ಇರೋಕೆ ಸಾಧ್ಯವೇ ಇಲ್ಲ. ತಿದ್ದಿದ ಫೋಟೋದಲ್ಲಿ ರೆಪ್ಪೆಯ ಕೂದಲು ಕಾಣುತ್ತಿದೆಯಾ? ಕಾಣುತ್ತಿದ್ದರೆ ಅದು ನಿಮ್ಮದಲ್ಲ. ಬೇರೆ ಸಾವಿರಾರು ಮುಖ ನೋಡಿ ಕಲಿತ ಆ್ಯಪ್ ಅಂದಾಜಿನ ಮೇಲೆ ಬರೆದಿದ್ದು.

ಪತ್ತೆ ಹಚ್ಚೋದು ಸುಲಭ. ಮುಖ ಚೂಪಾಗಿದ್ದು, ಅಂಗಿಯ ಗುಂಡಿ, ಕಿವಿ, ಬೆರಳು ಮಸುಕಾಗಿದ್ದರೆ ಮುಖವನ್ನು ಮಾತ್ರ ಹೊಸದಾಗಿ ಬರೆದಿದ್ದಾರೆ ಅಂತ ಅರ್ಥ. ಕಣ್ಣಿನೊಳಗಿನ ಬೆಳಕಿನ ಚುಕ್ಕೆ ನೋಡಿ. ಎರಡು ಬಲ್ಬಿನ ಸ್ಟುಡಿಯೋದಲ್ಲಿ ಒಂದೊಂದು ಕಣ್ಣಿನಲ್ಲೂ ಎರಡು ಚುಕ್ಕೆ ಬೀಳಬಹುದು. ಆ್ಯಪ್ ಒಂದೇ ಚುಕ್ಕೆ ಹಾಕಿರಬಹುದು.

ಬೆಟಗೇರಿ_ಹುಡುಗ
ರೆಪ್ಪೆ ಕಾಣುತ್ತಿದೆ. ಎಣಿಸಬಹುದು.

ಅವನ_ಅಕ್ಕ
ನಾನು ಮೊದಲ ದಿನವೇ ಹೇಳಿದೆ, ಇದು ಯಾವುದೋ ಬಿಸ್ಕತ್ ಜಾಹೀರಾತಿನ ಹುಡುಗ ಅಂತ.

ಪಿಕ್ಸೆಲ್_ಪುಟ್ಟ
ಕೆಂಪು ಬಲ್ಬು ಸರ್ ಹೇಳಿದ್ದು ಸರಿ, ವಾಟ್ಸಾಪ್ ಫೋಟೋ ಮೇಲೆ ಕೆಲಸ ಮಾಡಿದ್ದು ಆ ಹುಡುಗನ ತಪ್ಪು. ನಾನಾಗಿದ್ದರೆ ಒಪ್ಪುತ್ತಿರಲಿಲ್ಲ. ಆದರೆ ಬಣ್ಣದ ವಿಷಯದಲ್ಲಿ ಅಷ್ಟು ಕೋಪ ಬೇಡ. ಬೂದು ಬಣ್ಣ ಎಷ್ಟು ಗಾಢ ಇದೆ ಅನ್ನೋದರ ಮೇಲೆ ಸಾಫ್ಟ್‌ವೇರ್ ಬಣ್ಣ ಕಂಡುಹಿಡಿಯುತ್ತೆ. ಅದು ಸುಮಾರಾಗಿ ಸರಿಯಾಗೇ ಇರುತ್ತೆ.

ಕೆಂಪು_ಬಲ್ಬು
ಇಲ್ಲ ಪುಟ್ಟ, ಅದು ಕಂಡುಹಿಡಿಯಲ್ಲ. ಆಕಾಶ ಅಂದರೆ ನೀಲಿ, ಎಲೆ ಅಂದರೆ ಹಸಿರು, ಚರ್ಮ ಅಂದರೆ ಈ ಬಣ್ಣ ಅಂತ ಗೊತ್ತಿರೋದರಿಂದ ಅಲ್ಲಿ ಸರಿ ಬರುತ್ತೆ. ಬಟ್ಟೆಗೆ ಅಂಥ ನಿಯಮ ಎಲ್ಲಿದೆ? ಕೆಂಪು ಬಟ್ಟೆ, ಹಸಿರು ಬಟ್ಟೆ ಎರಡೂ ಕಪ್ಪು ಬಿಳುಪು ಫಿಲ್ಮಿನಲ್ಲಿ ಒಂದೇ ಬೂದು ಬಣ್ಣವಾಗಿ ಬೀಳಬಹುದು. ಅಕ್ಕನ ಪರಕಾರದ ಅಂಚು ಕೆಂಪು ಅಂತಿದ್ದಾರಲ್ಲ, ಮೂಲ ಫೋಟೋದಲ್ಲಿ ಆ ಅಂಚು ಬೇರೆಯಾಗಿ ಕಾಣುತ್ತಾ ಅಂತ ನೋಡಿ. ಕಾಣದಿದ್ದರೆ ಆಶ್ಚರ್ಯ ಇಲ್ಲ. ನಾವೂ ಮೊದಲು ಕೈಯಿಂದ ಬಣ್ಣ ಹಚ್ಚಿಕೊಡುತ್ತಿದ್ದೆವು. ಆದರೆ ಗಿರಾಕಿಯನ್ನು ಕೇಳಿ ಬರೆದುಕೊಳ್ಳುತ್ತಿದ್ದೆವು. ಸೀರೆ ಯಾವ ಬಣ್ಣ, ಅಂಚು ಯಾವುದು, ಬಳೆ ಯಾವುದು ಅಂತ.

ಅವನ_ಅಕ್ಕ
ಸರ್, ಅಂಚು ಕಾಣಲ್ಲ! ಪೂರ್ತಿ ಒಂದೇ ಬೂದು ಬಣ್ಣ. ಅಷ್ಟು ದಿನ ನನ್ನ ನೆನಪೇ ತಪ್ಪೇನೋ ಅಂದುಕೊಂಡಿದ್ದೆ.

ಆದರೆ ಸಾಕ್ಷಿ ಇದೆ. ಆ ಪರಕಾರ ಗಿಡ್ಡ ಆದ ಮೇಲೆ ಅವ್ವ ಅದನ್ನು ಕೌದಿಗೆ ಹಾಕಿದಳು. ಕೌದಿ ನನ್ನ ಹತ್ತಿರವೇ ಇದೆ. ಮೇಲೆ ಬಣ್ಣ ಬಿಳಿಚಿಕೊಂಡಿದೆ, ನಿಜ. ಒಂದು ಕಡೆ ಹೊಲಿಗೆ ಬಿಚ್ಚಿದೆ, ಅಲ್ಲಿ ತುಂಡಿನ ಮಡಿಸಿದ ಅಂಚು ಹೊರಗೆ ಬಂದಿದೆ. ಬಿಸಿಲು ಕಾಣದ ಆ ಭಾಗ ಇನ್ನೂ ಗಿಳಿಹಸಿರು.

ಪಿಕ್ಸೆಲ್_ಪುಟ್ಟ
ಅಕ್ಕಾವ್ರೇ, ಆ ಮಡಿಕೆಯ ಫೋಟೋ ಹಗಲು ಬೆಳಕಿನಲ್ಲಿ ತೆಗೆದು ಕಳಿಸಿ, ಪಕ್ಕದಲ್ಲಿ ಒಂದು ಬಿಳಿ ಕಾಗದ ಇಟ್ಟು. ಅದೇ ಹಸಿರನ್ನು ತೆಗೆದುಕೊಂಡು ಕೂರಿಸಬಹುದು. ದುಡ್ಡು ಬೇಡ.

ಸೀದಾ_ಮಾತು
ಬಣ್ಣ ಯಾಕೆ ಬೇಕು ಹೇಳಿ? ಫೋಟೋದಲ್ಲಿ ಬಣ್ಣವೇ ಇರಲಿಲ್ಲ. ಮೂಲ ಅಂದರೆ ಮೂಲ. ಒಂದು ಚುಕ್ಕೆಯನ್ನೂ ಮುಟ್ಟಬಾರದು. ಮುಟ್ಟಿದ ಕ್ಷಣ ಸುಳ್ಳಾಯಿತು.

ಕೆಂಪು_ಬಲ್ಬು
ಹಾಗಾದರೆ ಕೇಳಿ. ಆ ‘ಮೂಲ’ವೂ ನಮ್ಮಂಥವರ ಕೈಯಲ್ಲಿ ತಿದ್ದಿಸಿಕೊಂಡೇ ಬಂದಿರುತ್ತೆ. ನೆಗೆಟಿವ್ ಮೇಲೆ ಚೂಪಾದ ಪೆನ್ಸಿಲ್‌ನಿಂದ ಕೆಲಸ ಮಾಡುತ್ತಿದ್ದೆವು. ಟಚಿಂಗ್ ಅಂತಿದ್ದೆವು. ನೆಗೆಟಿವ್‌ನಲ್ಲಿ ಕಪ್ಪು ಹಾಕಿದರೆ ಪ್ರಿಂಟ್‌ನಲ್ಲಿ ಅಲ್ಲಿ ಬಿಳಿ. ಮೊಡವೆ, ಕಣ್ಣಿನ ಕೆಳಗಿನ ನೆರಳು, ಹಣೆಯ ಗೆರೆ ಎಲ್ಲ ಹಾಗೇ ಹೋಗುತ್ತಿದ್ದವು. ಪ್ರಿಂಟ್‌ನಲ್ಲಿ ಧೂಳಿನ ಬಿಳಿ ಚುಕ್ಕಿ ಬಿದ್ದರೆ ಸಣ್ಣ ಬ್ರಷ್‌ನಿಂದ ಮುಚ್ಚುತ್ತಿದ್ದೆವು. ಮದುವೆಗೆ ಗಂಡು ನೋಡಲು ಕಳಿಸುವ ಹುಡುಗಿಯ ಫೋಟೋ ಅಂದರೆ ಪೆನ್ಸಿಲ್ ಸವೆಯುತ್ತಿತ್ತು.

ಈ ಫೋಟೋದಲ್ಲಿ ಒಂದು ವಿಷಯ ಗಮನಿಸಿ. ದೃಷ್ಟಿಬೊಟ್ಟು ಕಪ್ಪು, ಅಂದರೆ ನೆಗೆಟಿವ್‌ನಲ್ಲಿ ಖಾಲಿ ಜಾಗ. ಆ ಸ್ಟುಡಿಯೋದವನಿಗೆ ಅದನ್ನು ಪೆನ್ಸಿಲ್‌ನಿಂದ ತುಂಬೋದು ಒಂದು ನಿಮಿಷದ ಕೆಲಸ. ಅವನು ತುಂಬಲಿಲ್ಲ. ಅದು ಕಲೆಯಲ್ಲ, ತಾಯಿ ಬೇಕಂತಲೇ ಇಟ್ಟಿದ್ದು ಅಂತ ಅವನಿಗೆ ಗೊತ್ತಿತ್ತು.

ಹಾಗಾಗಿ ನಾನು ಹೀಗೆ ನೋಡುತ್ತೇನೆ. ಕ್ಯಾಮೆರಾ ಮುಂದೆ ಆವತ್ತು ಇದ್ದದ್ದು ಒಂದು. ಬೊಟ್ಟು, ಕೈ, ಪರದೆ. ಅದನ್ನು ಮುಟ್ಟಬಾರದು. ಆಮೇಲೆ ಕಾಗದಕ್ಕೆ ಆದದ್ದು ಇನ್ನೊಂದು. ಮಡಿಸಿದ ಗೆರೆ, ಬೂಷ್ಟು, ಹಳದಿ ಕಲೆ. ಅದನ್ನು ಪ್ರತಿಯಲ್ಲಿ ತೆಗೆದರೆ ಯಾರಿಗೂ ಮೋಸ ಇಲ್ಲ. 1979ರಲ್ಲಿ ನಿಮ್ಮ ಅಪ್ಪ ಲಕೋಟೆಯಿಂದ ತೆಗೆದು ನೋಡಿದಾಗ ಆ ಗೆರೆ ಇರಲಿಲ್ಲ ಅಲ್ವಾ?

ಅವನ_ಅಕ್ಕ
ಇದು ಒಪ್ಪುತ್ತೇನೆ. ಗೆರೆ ತೆಗೆಸು, ಬೂಷ್ಟು ತೆಗೆಸು. ಕೈ, ಬೊಟ್ಟು, ಇವನ ಮುಖ ಇದ್ದ ಹಾಗೇ ಇರಲಿ. ಕಪ್ಪು ಬಿಳುಪೇ ಇರಲಿ. ಜಗಳ ಮುಗಿಯಿತು.

ಬೆಟಗೇರಿ_ಹುಡುಗ
ಮುಗಿದಿಲ್ಲ ಅಕ್ಕ.

ಇಲ್ಲಿ ಯಾರಿಗೂ ಗೊತ್ತಿಲ್ಲದ ವಿಷಯ ಹೇಳುತ್ತೇನೆ. ಅಕ್ಕ ನನಗಾಗಿ ಸುಮ್ಮನಿದ್ದಾಳೆ, ಅದು ನನಗೆ ಗೊತ್ತು. ನನಗೆ ಹುಟ್ಟಿನಿಂದ ಮೆಳ್ಳಗಣ್ಣು. ಎಂಟನೇ ವರ್ಷಕ್ಕೆ ಆಪರೇಷನ್ ಆಯಿತು. ಅಲ್ಲಿಯವರೆಗೆ ಶಾಲೆಯಲ್ಲಿ ನನ್ನ ಹೆಸರೇ ಯಾರೂ ಕರೆಯುತ್ತಿರಲಿಲ್ಲ, ಏನಂತ ಕರೆಯುತ್ತಿದ್ದರು ಅಂತ ಬರೆಯಲ್ಲ. ಆ ಫೋಟೋದಲ್ಲಿ ಎಡಗಣ್ಣು ಮೂಗಿನ ಕಡೆ ತಿರುಗಿದೆ. ಆ ಹುಡುಗ ಕಳಿಸಿದ ಫೋಟೋದಲ್ಲಿ ಎರಡೂ ಕಣ್ಣು ನೇರ. ನಾನು ಹೇಳಿ ಮಾಡಿಸಿದ್ದಲ್ಲ, ಆ್ಯಪ್ ತಾನಾಗೇ ಮಾಡಿದೆ. ಆದರೆ ನೋಡಿದ ತಕ್ಷಣ ನನಗೆ ಅದೇ ಬೇಕು ಅನಿಸಿತು.

ಗೋಡೆ ನನ್ನದು, ಕಣ್ಣೂ ನನ್ನದು. ಈಗ ನನ್ನ ಕಣ್ಣು ನೇರವೇ ಇದೆ. ಬಂದವರು ಆ ಫೋಟೋ ನೋಡಿ ‘ಓ, ನಿಮಗೆ...’ ಅಂತ ಶುರು ಮಾಡೋದು ನನಗೆ ಬೇಡ.

ಕರಾವಳಿ_ಕಾಗೆ
ಚುರುಮುರಿ ಕೆಳಗಿಟ್ಟೆ.

ಮಲ್ಲಿಗೆ_ಮೊಗ್ಗು
ಅಣ್ಣಾ, ನೀವು ಹೇಳಿದ್ದು ಸರಿ. ನಿಮ್ಮ ಮುಖ, ನಿಮ್ಮಿಷ್ಟ.

ಸೀದಾ_ಮಾತು
ಬೇಸರ ಮಾಡಿಕೊಳ್ಳಬೇಡಿ, ಆದರೆ ಕಣ್ಣು ಹಾಗಿದ್ದದ್ದು ಸತ್ಯ ತಾನೇ. ಈಗ ನಾಚಿಕೆ ಯಾಕೆ?

ಮಲ್ಲಿಗೆ_ಮೊಗ್ಗು
ನಿಮ್ಮನ್ನು ಶಾಲೆಯಲ್ಲಿ ಯಾರೂ ಕರೆದಿಲ್ಲ, ಅದಕ್ಕೇ ಹೀಗೆ ಹೇಳುತ್ತೀರಿ.

ಪಿಕ್ಸೆಲ್_ಪುಟ್ಟ
ಕಣ್ಣು ಒಂದನ್ನೇ ಕೈಯಿಂದ ಸರಿ ಮಾಡಬಹುದು ಸರ್. ಒಳ್ಳೆ ಸ್ಕ್ಯಾನ್ ಇದ್ದರೆ ನಿಮ್ಮದೇ ಬಲಗಣ್ಣಿನ ಪಾಪೆ ನೋಡಿಕೊಂಡು ಎಡಗಣ್ಣಿನದನ್ನು ಚೂರು ಸರಿಸಿದರೆ ಸಾಕು. ಮುಖ ಪೂರ್ತಿ ಆ್ಯಪ್‌ಗೆ ಕೊಡೋ ಅಗತ್ಯ ಇಲ್ಲ. ಆಗ ಅದು ಬಿಸ್ಕತ್ ಹುಡುಗ ಆಗಲ್ಲ, ನೀವೇ ಇರುತ್ತೀರಿ.

ಕೆಂಪು_ಬಲ್ಬು
ನನ್ನ ನಿಯಮ ಇಲ್ಲಿ ಸ್ವಲ್ಪ ಕುಂಟುತ್ತೆ, ಒಪ್ಪುತ್ತೇನೆ. ಕ್ಯಾಮೆರಾ ಮುಂದೆ ಇದ್ದದ್ದನ್ನು ಮುಟ್ಟಬಾರದು ಅಂದೆ. ಆದರೆ ನಮ್ಮ ಕಾಲದಲ್ಲೂ ಇದಕ್ಕೆ ದಾರಿ ಇತ್ತು. ಕಣ್ಣಿನ ತೊಂದರೆ ಇದ್ದವರು ಬಂದರೆ ಪೆನ್ಸಿಲ್‌ನಿಂದ ಸರಿ ಮಾಡಲು ಹೋಗುತ್ತಿರಲಿಲ್ಲ, ಮಾಡಿದರೆ ಗೊಂಬೆಯ ಕಣ್ಣಿನಂತೆ ಕಾಣುತ್ತಿತ್ತು. ಮುಖವನ್ನೇ ಸ್ವಲ್ಪ ಪಕ್ಕಕ್ಕೆ ತಿರುಗಿಸಿ ಕೂರಿಸುತ್ತಿದ್ದೆವು, ಬೆಳಕನ್ನು ಇನ್ನೊಂದು ಕಡೆಯಿಂದ ಬಿಡುತ್ತಿದ್ದೆವು. ಫೋಟೋದಲ್ಲಿ ನಿಮ್ಮ ಮುಖ ನೇರ ಇದೆಯಾ, ತಿರುಗಿದೆಯಾ?

ಬೆಟಗೇರಿ_ಹುಡುಗ
ತಿರುಗಿದೆ. ಅಕ್ಕ ನೇರ ನೋಡುತ್ತಿದ್ದಾಳೆ, ನಾನು ಅವಳ ಕಡೆ ಅರ್ಧ ತಿರುಗಿದ್ದೇನೆ. ಮಗು ಅಲ್ಲಾಡಿತು ಅಂತ ಮನೆಯಲ್ಲಿ ಹೇಳುತ್ತಿದ್ದರು.

ಕೆಂಪು_ಬಲ್ಬು
ಅಲ್ಲಾಡಿದ್ದರೆ ಮಸುಕಾಗುತ್ತಿತ್ತು. ಬೇಕಂತಲೇ ಕೂರಿಸಿದ್ದೂ ಇರಬಹುದು. ಖಚಿತವಾಗಿ ಹೇಳಲಾರೆ, ನಾನು ಅಲ್ಲಿ ಇರಲಿಲ್ಲ.

ಅವನ_ಅಕ್ಕ
ತಮ್ಮಾ, ನಿನ್ನ ಕಣ್ಣಿನ ಬಗ್ಗೆ ನಾನು ಇಲ್ಲಿ ಒಂದಕ್ಷರ ಬರೆದಿರಲಿಲ್ಲ, ನೀನೇ ಬರೆದೆ. ಹಾಗಾಗಿ ನಾನೂ ಹೇಳುತ್ತೇನೆ.

ನಿನ್ನನ್ನು ಶಾಲೆಗೆ ಕರೆದುಕೊಂಡು ಹೋಗುತ್ತಿದ್ದವಳು ನಾನು. ನಿನ್ನನ್ನು ಹಾಗೆ ಕರೆದವನ ಪಾಟಿ ಒಡೆದು ಮೇಷ್ಟ್ರ ಹತ್ತಿರ ಏಟು ತಿಂದವಳೂ ನಾನು. ನನಗೆ ಗೊತ್ತಿರುವ ತಮ್ಮನ ಕಣ್ಣು ಅದು. ನೇರ ಕಣ್ಣಿನ ಆ ಹುಡುಗನನ್ನು ನಾನು ಎತ್ತಿಕೊಂಡೇ ಇಲ್ಲ. ನನ್ನ ಕೋಪ ಅಷ್ಟೇ. ಗೋಡೆ ನಿನ್ನದು, ಸರಿ. ಆದರೆ ಫೋಟೋದಲ್ಲಿ ನಾನೂ ಇದ್ದೇನೆ.

ಬೆಟಗೇರಿ_ಹುಡುಗ
ಪಾಟಿ ವಿಷಯ ನನಗೆ ಗೊತ್ತೇ ಇರಲಿಲ್ಲ.

ಡಾಲಸ್_ದೋಸೆ
ಕ್ಯಾನ್ವಾಸ್ ವಿಷಯ ವಾಪಸ್ ತಗೊಂಡೆ. ಪೂರ್ತಿ ಓದಿದೆ ಈಗ. ಆದರೂ ಕೇಳುತ್ತೇನೆ, ಅಷ್ಟು ಸಣ್ಣ ಫೋಟೋ ಹಾಲ್‌ನಲ್ಲಿ ಎಷ್ಟು ದೊಡ್ಡದು ಮಾಡಬಹುದು?

ಬೆಟಗೇರಿ_ಹುಡುಗ
ಇಪ್ಪತ್ತಕ್ಕೆ ಮೂವತ್ತು ಇಂಚು ಅಂದುಕೊಂಡಿದ್ದೆ.

ಫ್ರೇಮ್_ಅಂಗಡಿ
ಮೈಸೂರಿನಲ್ಲಿ ಫ್ರೇಮ್ ಕೆಲಸ ನಮ್ಮದು. ಇಪ್ಪತ್ತಕ್ಕೆ ಮೂವತ್ತು ಬೇಡ ಸರ್. ಅಲ್ಲೇ ಎಡವಟ್ಟಾಗೋದು. ಅಷ್ಟು ದೊಡ್ಡದು ಬೇಕು ಅಂದಾಗಲೇ ಆ್ಯಪ್‌ನವರು ಇಲ್ಲದ್ದನ್ನು ತುಂಬಿಸುತ್ತಾರೆ.

ಫೋಟೋವನ್ನು ಒಳ್ಳೆ ಫ್ಲ್ಯಾಟ್‌ಬೆಡ್ ಸ್ಕ್ಯಾನರ್‌ನಲ್ಲಿ 600 ಡಿಪಿಐಗೆ ಸ್ಕ್ಯಾನ್ ಮಾಡಿಸಿ, ಟಿಫ್ ಫೈಲ್ ಕೇಳಿ. ಐದೂವರೆ ಇಂಚಿಗೆ 3300 ಚುಕ್ಕಿ ಸಿಗುತ್ತೆ. ಅದನ್ನು ಹನ್ನೆರಡು ಇಂಚು ಎತ್ತರಕ್ಕೆ ಪ್ರಿಂಟ್ ಹಾಕಿದರೆ ಇಂಚಿಗೆ 275 ಚುಕ್ಕಿ. ಏನೂ ಬರೆಯೋದು ಬೇಕಿಲ್ಲ, ಇದ್ದದ್ದೇ ಚೆನ್ನಾಗಿ ಕಾಣುತ್ತೆ. ಆಮೇಲೆ ಸುತ್ತ ನಾಲ್ಕು ಇಂಚು ಅಗಲದ ಮೌಂಟ್ ಬೋರ್ಡ್ ಕೊಟ್ಟು ಫ್ರೇಮ್ ಹಾಕಿಸಿ. ಹದಿನಾರಕ್ಕೆ ಇಪ್ಪತ್ತು ಇಂಚಿನ ಫ್ರೇಮ್ ಆಗುತ್ತೆ. ಗೋಡೆಗೆ ದೊಡ್ಡದಾಗೇ ಕಾಣುತ್ತೆ, ಫೋಟೋ ಮಾತ್ರ ಅದರ ಅಳತೆಯಲ್ಲೇ ಇರುತ್ತೆ.

ಮೌಂಟ್‌ನಿಂದ ಇನ್ನೊಂದು ಉಪಯೋಗ. ಗಾಜು ಫೋಟೋಗೆ ತಾಗಲ್ಲ. ಮೇಲೆ ಒಬ್ಬರು ಅತ್ತೆಯ ಫೋಟೋ ಕಥೆ ಹೇಳಿದರಲ್ಲ, ಅದಕ್ಕೆ ಕಾರಣ ಇದೇ. ಗಾಜಿಗೆ ಒತ್ತಿಕೊಂಡಿದ್ದ ಫೋಟೋ ಮಳೆಗಾಲದ ಥಂಡಿಗೆ ಮೆತ್ತಗಾಗಿ ಅಂಟಿಕೊಳ್ಳುತ್ತೆ.

ಕೆಂಪು_ಬಲ್ಬು
ಅಂಗಡಿಯವರ ಮಾತಿಗೆ ಒಂದು ಸೇರಿಸುತ್ತೇನೆ. ಗೋಡೆಗೆ ಯಾವಾಗಲೂ ಪ್ರತಿಯನ್ನೇ ಹಾಕಿ. ಹಳೇ ಪ್ರಿಂಟ್‌ಗೆ ಬೆಳಕು, ಥಂಡಿ ಎರಡೂ ಆಗದು. ಅದು ಕತ್ತಲಲ್ಲಿ, ಒಣ ಜಾಗದಲ್ಲಿ, ಆಮ್ಲ ಇಲ್ಲದ ಕಾಗದದ ಲಕೋಟೆಯಲ್ಲಿ ಇರಬೇಕು. ಅಂಟಿರುವ ಆಲ್ಬಮ್ ಬೇಡ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಲ್ಯಾಮಿನೇಟ್ ಮಾಡಿದ್ದನ್ನು ಬಿಡಿಸೋಕೆ ಆಗಲ್ಲ.

ಬೂಷ್ಟನ್ನು ಒದ್ದೆ ಬಟ್ಟೆಯಿಂದ ಒರೆಸಬೇಡಿ. ಬೂಷ್ಟು ಹಿಡಿದ ಜಾಗದಲ್ಲಿ ಮೇಲಿನ ಜೆಲಟಿನ್ ಪದರ ನೀರಿಗೆ ಕರಗುತ್ತೆ, ಚಿತ್ರವೇ ಎದ್ದು ಬರುತ್ತೆ. ಚೆನ್ನಾಗಿ ಒಣಗಿಸಿ, ಮೆತ್ತನೆ ಬ್ರಷ್‌ನಿಂದ ಹಗುರವಾಗಿ ಉದುರಿಸಿ, ಅಷ್ಟೇ. ಉಳಿದದ್ದು ಸ್ಕ್ಯಾನ್‌ನಲ್ಲಿ ತೆಗೆಯಬಹುದು.

ಮತ್ತೆ ಫೋಟೋದ ಬೆನ್ನು ನೋಡಿ. ಎಷ್ಟೋ ಸ್ಟುಡಿಯೋದವರು ಅಲ್ಲಿ ಸೀಲ್ ಹಾಕಿ ನೆಗೆಟಿವ್ ನಂಬರ್ ಬರೆಯುತ್ತಿದ್ದರು. ನೆಗೆಟಿವ್ ಸಿಕ್ಕಿದರೆ ಗೆರೆಯೂ ಇಲ್ಲ, ಬೂಷ್ಟೂ ಇಲ್ಲ. ಪ್ರಿಂಟ್‌ನಲ್ಲಿ ಕತ್ತರಿಸಿದ ಭಾಗವೂ ಇರುತ್ತೆ.

ಅವನ_ಅಕ್ಕ
ಕತ್ತರಿಸಿದ ಭಾಗ ಅಂದರೆ... ಆ ಕೈ ಯಾರದು ಅಂತ ಗೊತ್ತಾಗಬಹುದಾ?

ಕೆಂಪು_ಬಲ್ಬು
ಪರದೆಯ ಹಿಂದೆ ಕೂತಿದ್ದರೆ ಮುಖ ಕಾಣಲ್ಲ. ಪಕ್ಕದಲ್ಲಿ ಬಗ್ಗಿದ್ದರೆ ಭುಜವೋ ಸೆರಗೋ ಸಿಗಬಹುದು. ಆಸೆ ಜಾಸ್ತಿ ಇಟ್ಟುಕೊಳ್ಳಬೇಡಿ. ನನ್ನದೇ ನೆಗೆಟಿವ್‌ಗಳನ್ನು ಅಂಗಡಿ ಮುಚ್ಚುವಾಗ ಗೋಣಿಚೀಲದಲ್ಲಿ ತುಂಬಿ ಗುಜರಿಯವನಿಗೆ ಕೊಟ್ಟೆ. ಫಿಲ್ಮಿನಲ್ಲಿ ಬೆಳ್ಳಿ ಇರುತ್ತೆ, ಅದಕ್ಕೆ ತೂಕಕ್ಕೆ ಕೊಳ್ಳುತ್ತಿದ್ದರು.

ಕರಾವಳಿ_ಕಾಗೆ
ಮಂಗಳೂರಿನಲ್ಲಿ ಏನು ಇಟ್ಟರೂ ಬೂಷ್ಟೇ. ಆಲ್ಬಮ್‌ನ ಕಪಾಟಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟರೆ ಆಗುತ್ತಾ? ಶೂ ಡಬ್ಬಿಯಲ್ಲಿ ಬಂದಿದ್ದು ಬೇಕಾದಷ್ಟಿದೆ.

ಫ್ರೇಮ್_ಅಂಗಡಿ
ಶೂ ಡಬ್ಬಿಯದು ಆಗಲೇ ಥಂಡಿ ಕುಡಿದು ಸುಸ್ತಾಗಿರುತ್ತೆ. ಬಣ್ಣ ಬದಲಾಗುವ ಜೆಲ್ ತಗೊಳ್ಳಿ, ಬಣ್ಣ ಬದಲಾದಾಗ ಬಿಸಿ ಮಾಡಿ ಮತ್ತೆ ಬಳಸಬಹುದು. ಗಾಳಿಯಾಡದ ಡಬ್ಬಿಯಲ್ಲಿ ಮಾತ್ರ ಕೆಲಸ ಮಾಡುತ್ತೆ, ಕಪಾಟಿನಲ್ಲಿ ಸುಮ್ನೆ ಇಟ್ಟರೆ ದಂಡ. ಗೋಡೆಗೆ ಹಾಕುವ ಫ್ರೇಮ್ ಹಿಂದೆ ನಾಲ್ಕು ಮೂಲೆಗೂ ರಬ್ಬರ್ ಗುಂಡಿ ಅಂಟಿಸಿ, ಗಾಳಿ ಆಡಲಿ.

ಬೆಟಗೇರಿ_ಹುಡುಗ
ಭಾನುವಾರ ಧಾರವಾಡಕ್ಕೆ ಹೋಗಿದ್ದೆ. ಫೋಟೋದ ಬೆನ್ನಲ್ಲಿ ಸೀಲೂ ಇದೆ, ಪೆನ್ಸಿಲ್‌ನಲ್ಲಿ ನಂಬರೂ ಇದೆ. ಅಲ್ಲಿಂದ ಇಬ್ಬರೂ ಗದಗಿಗೆ ಹೋದೆವು. ಸ್ಟುಡಿಯೋ ಇದ್ದ ಜಾಗದಲ್ಲಿ ಮೊಬೈಲ್ ಅಂಗಡಿ ಇದೆ. ಮಾಲೀಕರ ಮಗ ಸಿಕ್ಕಿದರು, ಮನೆ ಬದಲಿಸುವಾಗ ಎಲ್ಲ ಹೋಯಿತು ಅಂದರು.

ಹುಬ್ಬಳ್ಳಿಯಲ್ಲಿ 600ಕ್ಕೆ ಸ್ಕ್ಯಾನ್ ಆಯಿತು, ಕೈ ಇರುವ ಮೂಲೆಯನ್ನು 1200ಕ್ಕೆ ಇನ್ನೊಮ್ಮೆ ಮಾಡಿಸಿದೆವು. ಅವ್ವನ ಮಣಿಕಟ್ಟಿನ ಮೇಲೆ ಒಲೆಯಿಂದ ಸುಟ್ಟ ಕಲೆ ಇತ್ತು, ಅದು ಕಾಣುತ್ತಾ ಅಂತ ಅಕ್ಕನ ಆಸೆ. ಬಳೆಗಳು ಚೆನ್ನಾಗಿ ಕಾಣುತ್ತವೆ. ಕಲೆ ಇರಬೇಕಾದ ಜಾಗದ ಮೇಲೇ ಬಳೆ ಇದೆ.

ಅವನ_ಅಕ್ಕ
ಗಾಜಿನ ಬಳೆ. ಅಜ್ಜಿ ಆಗ ಬಳೆ ಹಾಕುತ್ತಿರಲಿಲ್ಲ, ಅಜ್ಜ ತೀರಿಕೊಂಡಿದ್ದರು.

ಬೆಟಗೇರಿ_ಹುಡುಗ
ಅಜ್ಜ ತೀರಿಕೊಂಡದ್ದು ಆ ವರ್ಷವೋ ಮುಂದಿನ ವರ್ಷವೋ ಅಂತ ಅಪ್ಪನಿಗೇ ಸರಿಯಾಗಿ ನೆನಪಿಲ್ಲ ಅಕ್ಕ. ಚಿಕ್ಕಮ್ಮನೂ ಇರಬಹುದು.

ಸೀದಾ_ಮಾತು
ಕೈ ಇರಲಿ, ಕಣ್ಣಿನ ವಿಷಯ ಏನಾಯಿತು?

ಬೆಟಗೇರಿ_ಹುಡುಗ
ಪಿಕ್ಸೆಲ್ ಪುಟ್ಟ ಅವರಿಗೆ ಫೈಲ್ ಕಳಿಸಿದ್ದೇನೆ. ಗೆರೆ, ಬೂಷ್ಟು ಮಾತ್ರ ತೆಗೆದು ಕಪ್ಪು ಬಿಳುಪಿನದೊಂದು. ಅದರಲ್ಲೇ ಎಡಗಣ್ಣು ಸರಿಸಿದ್ದು ಇನ್ನೊಂದು. ಎರಡನ್ನೂ ಸಣ್ಣದಾಗಿ ಪ್ರಿಂಟ್ ಹಾಕಿಸಿ ನೋಡುತ್ತೇನೆ. ಅಕ್ಕನ ಮನೆಗೆ ಯಾವುದು ಹೋಗುತ್ತೆ ಅಂತ ಕೇಳಬೇಕಾಗಿಲ್ಲ. ನನ್ನ ಮನೆಯದು ಇನ್ನೂ ತೀರ್ಮಾನ ಆಗಿಲ್ಲ.

ಅವನ_ಅಕ್ಕ
ಮೂಲ ಪ್ರಿಂಟ್ ಎಲ್ಲಿರಬೇಕು ಅಂತಲೂ ತೀರ್ಮಾನ ಆಗಿಲ್ಲ. ಸ್ಕ್ಯಾನ್ ಆದ ಮೇಲೆ ವಾಪಸ್ ಕೊಟ್ಟಿಲ್ಲ ಇವನು.

ಬೆಟಗೇರಿ_ಹುಡುಗ
ಲಕೋಟೆ ತರಿಸಿದ್ದೇನೆ ಅಕ್ಕ, ಅದರಲ್ಲಿ ಹಾಕಿ ಕೊಡುತ್ತೇನೆ.

ಅವನ_ಅಕ್ಕ
ಗೃಹಪ್ರವೇಶಕ್ಕೆ ನಾನು ಬರೋದೇ ಅದನ್ನು ತಗೊಂಡು ಹೋಗೋಕೆ.

ಪಿಕ್ಸೆಲ್_ಪುಟ್ಟ
ಅಕ್ಕಾವ್ರೇ, ಕೌದಿ ಫೋಟೋ ಬಂತು. ಬಿಳಿ ಕಾಗದ ಇಡೋದು ಮರೆತಿದ್ದೀರಿ. ಟ್ಯೂಬ್‌ಲೈಟ್ ಬೇಡ, ಕಿಟಕಿ ಹತ್ತಿರ ಇನ್ನೊಂದು ತೆಗೆದು ಕಳಿಸಿ. ಬಣ್ಣದ್ದು ಒಂದು ನಿಮ್ಮ ಮಗಳ ಮೊಬೈಲ್‌ಗೆ ಮಾತ್ರ ಕಳಿಸುತ್ತೇನೆ, ಗೋಡೆಗಲ್ಲ.